ಕಾರ್ಖಾನೆ ಪಕ್ಕದ ಮಣ್ಣಿನಲ್ಲಿ ಸೀಸ: ಎಷ್ಟು ನೆಲದ್ದು, ಎಷ್ಟು ಚಿಮಣಿಯದ್ದು?

ಓದುಗರಿಂದ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ. "ಪ್ರಯೋಗಾಲಯದ ವರದಿ ಕೈಗೆ ಬಂದಿದೆ. ಮಣ್ಣಿನಲ್ಲಿ ಸೀಸ 52 ಎಂದು ಬರೆದಿದ್ದಾರೆ. ಇದು ಜಾಸ್ತಿಯೇ? ಇದಕ್ಕೆ ಕಾರ್ಖಾನೆಯೇ ಕಾರಣವೇ?" ಬರೀ 52 ಎಂಬ ಸಂಖ್ಯೆಯನ್ನು ನೋಡಿ ಯಾರೂ ಇದಕ್ಕೆ ಉತ್ತರ ಹೇಳಲಾರರು. ಸೀಸ, ಸತು, ನಿಕಲ್, ಕ್ರೋಮಿಯಂ ಇವೆಲ್ಲ ಕಲ್ಲಿನಲ್ಲೇ ಇರುವ ಧಾತುಗಳು. ಕಲ್ಲು ಸವೆದು ಮಣ್ಣಾದಾಗ ಅವೂ ಮಣ್ಣಿಗೆ ಬಂದಿರುತ್ತವೆ. ಮನುಷ್ಯನ ಕೈ ತಾಗದ ಮಣ್ಣಿನಲ್ಲಿ ಒಂದು ಲೋಹ ಎಷ್ಟಿರುತ್ತದೋ ಅದನ್ನು ಆ ಲೋಹದ ಹಿನ್ನೆಲೆ ಮೌಲ್ಯ ಎನ್ನುತ್ತೇವೆ. ನಿಮ್ಮ ಮಣ್ಣು ಆ ಹಿನ್ನೆಲೆಗಿಂತ ಎಷ್ಟು ಪಟ್ಟು ಮೇಲಿದೆ ಎಂಬುದನ್ನು, ಮಣ್ಣಿನ ಜಾತಿಯ ವ್ಯತ್ಯಾಸವನ್ನು ಸರಿದೂಗಿಸಿ ಹೇಳುವ ಅಳತೆಯೇ ಎನ್‌ರಿಚ್‌ಮೆಂಟ್ ಫ್ಯಾಕ್ಟರ್. ಚಿಕ್ಕದಾಗಿ ಇಎಫ್ ಎಂದು ಕರೆಯೋಣ.

ಹಳೆಯ ಬ್ಯಾಟರಿಗಳನ್ನು ಕರಗಿಸಿ ಸೀಸ ತೆಗೆಯುವ ಒಂದು ಘಟಕವನ್ನು ಉದಾಹರಣೆಯಾಗಿ ಇಟ್ಟುಕೊಂಡು ಲೆಕ್ಕವನ್ನು ಕೊನೆಯವರೆಗೂ ಮಾಡಿ ತೋರಿಸುತ್ತೇನೆ. ಮಾದರಿಗಳ ಅಂಕಿಗಳು ವಿಷಯ ತಿಳಿಯಲೆಂದು ನಾನೇ ಹೆಣೆದವು. ಯಾವುದೇ ನಿಜವಾದ ಜಾಗದವಲ್ಲ. ಎಲ್ಲ ಕಡೆ ಸೀಸದ ಅಂಕಿಯೆಂದರೆ ಒಂದು ಕಿಲೋ ಒಣ ಮಣ್ಣಿನಲ್ಲಿ ಅಷ್ಟು ಮಿಲಿಗ್ರಾಂ ಎಂದರ್ಥ. ಅಲ್ಯೂಮಿನಿಯಂ ಶೇಕಡಾ ಲೆಕ್ಕದಲ್ಲಿದೆ.

1. ಹಿನ್ನೆಲೆಯ ಜಾಗಗಳನ್ನು ಆರಿಸಿ

ಇಡೀ ಕೆಲಸದ ತೂಕ ಈ ಹಂತದ ಮೇಲಿದೆ. ಹಿನ್ನೆಲೆಯ ಜಾಗ ಕಾರ್ಖಾನೆಯ ಹೊಗೆ, ನೀರು, ತ್ಯಾಜ್ಯ ಯಾವುದೂ ತಲುಪದಷ್ಟು ದೂರವಿರಬೇಕು. ಅಷ್ಟೇ ಮುಖ್ಯವಾಗಿ, ಕಾರ್ಖಾನೆ ನಿಂತಿರುವ ಶಿಲೆಯ ಮೇಲೆಯೇ ಇರಬೇಕು. ಎರಡನೆಯ ಷರತ್ತನ್ನು ಜನ ಮರೆಯುತ್ತಾರೆ. ಸರ್ಪೆಂಟಿನೈಟ್ ಎಂಬ ಶಿಲೆಯಿಂದ ಹುಟ್ಟಿದ ಮಣ್ಣಿನಲ್ಲಿ ನಿಕಲ್ ಸಾವಿರದ ಲೆಕ್ಕದಲ್ಲಿ ಇರಬಹುದು. ಅಂತಹ ಮಣ್ಣನ್ನು ಗ್ರಾನೈಟಿನ ಮಣ್ಣಿನ ಜೊತೆ ಹೋಲಿಸಿದರೆ, ತಪ್ಪು ಮಾಡದ ಕಾರ್ಖಾನೆಯೂ ಅಪರಾಧಿಯಂತೆ ಕಾಣುತ್ತದೆ. ಆದ್ದರಿಂದ ಮೊದಲು ಭೂವೈಜ್ಞಾನಿಕ ನಕ್ಷೆ ನೋಡಿ. ಗಾಳಿ ವರ್ಷದ ಹೆಚ್ಚಿನ ದಿನಗಳಲ್ಲಿ ಯಾವ ಕಡೆಯಿಂದ ಬೀಸುತ್ತದೆ ಎಂಬುದನ್ನು ತಿಳಿದುಕೊಂಡು ಕಾರ್ಖಾನೆಯಿಂದ ಆ ಕಡೆಗೇ ಹೋಗಿ. ರಸ್ತೆಯ ಅಂಚು, ಹಳೆಯ ಕಸದ ಗುಂಡಿ, ಹೊರಗಿನಿಂದ ತಂದು ಸುರಿದ ಮಣ್ಣು, ಇವುಗಳಿಂದ ದೂರವಿರಿ.

ಒಂದೆರಡು ಮಾದರಿ ಸಾಲದು. ಹತ್ತಕ್ಕಿಂತ ಕಡಿಮೆ ಇದ್ದರೆ ನೈಸರ್ಗಿಕ ಏರಿಳಿತ ಎಷ್ಟು ಎಂಬುದೇ ಗೊತ್ತಾಗುವುದಿಲ್ಲ. ಜೇಡಿಯ ಜಾಗ, ಮರಳಿನ ಜಾಗ ಎರಡೂ ಅದರಲ್ಲಿ ಸೇರಲಿ. ಯಾಕೆ ಎಂಬುದು ಆರನೆಯ ಹಂತದಲ್ಲಿ ತಿಳಿಯುತ್ತದೆ.

2. ಮಾದರಿ ತೆಗೆಯಿರಿ

ಪ್ರತಿ ಜಾಗದಲ್ಲೂ ಐದು ಕಡೆ ಮಣ್ಣು ತೆಗೆದು ಕಲಸಿ ಒಂದು ಮಾದರಿ ಮಾಡಿ. ಗಾಳಿಯಲ್ಲಿ ಬಂದ ಧೂಳನ್ನು ಹುಡುಕುತ್ತಿದ್ದರೆ ಮೇಲಿನ 5 ಸೆಂಟಿಮೀಟರ್ ಸಾಕು; ಉತ್ತ ಹೊಲವಾದರೆ ಮಣ್ಣು ಮಗುಚಿರುವುದರಿಂದ 20 ಸೆಂಟಿಮೀಟರ್‌ವರೆಗೆ ತೆಗೆಯಬೇಕು. ಹಿನ್ನೆಲೆಯಲ್ಲಿ ಯಾವ ಆಳವೋ ಕಾರ್ಖಾನೆಯ ಸುತ್ತಲೂ ಅದೇ ಆಳ. ಇದರ ಜೊತೆಗೆ, ಕಾರ್ಖಾನೆಯ ಸುತ್ತಲಿನ ಪ್ರತಿ ಜಾಗದಲ್ಲೂ 40ರಿಂದ 60 ಸೆಂಟಿಮೀಟರ್ ಆಳದ ಒಂದು ಮಾದರಿಯನ್ನೂ ಬೇರೆ ಚೀಲದಲ್ಲಿ ತೆಗೆದಿಡಿ. ಈಗ ಅದು ಹೆಚ್ಚಿನ ಕೆಲಸ ಅನ್ನಿಸಬಹುದು, ಆದರೆ ಕೊನೆಯ ಹಂತದಲ್ಲಿ ಅದಿಲ್ಲದೆ ಮುಂದೆ ಹೋಗಲಾಗುವುದಿಲ್ಲ.

ಸತು ಲೇಪಿಸಿದ ಸಲಿಕೆ, ಹಿತ್ತಾಳೆಯ ಜರಡಿ ಬೇಡ. ಎರಡೂ ತಮ್ಮ ಲೋಹವನ್ನು ಮಣ್ಣಿಗೆ ಬಿಡುತ್ತವೆ. ಸ್ಟೀಲಿನ ಕರಣೆ ಅಥವಾ ಪ್ಲಾಸ್ಟಿಕ್ ಸಲಿಕೆ, ನೈಲಾನ್ ಜರಡಿ ಬಳಸಿ. ಮಣ್ಣನ್ನು 40 ಡಿಗ್ರಿ ಸೆಲ್ಸಿಯಸ್ ಮೀರದಂತೆ ಒಣಗಿಸಿ, 2 ಮಿಲಿಮೀಟರ್ ಜರಡಿಯಲ್ಲಿ ಸೋಸಿ. ಹೆಚ್ಚು ಬಿಸಿ ಮಾಡಿದರೆ ಪಾದರಸ ಆವಿಯಾಗಿ ಹೋಗುತ್ತದೆ.

3. ಪ್ರಯೋಗಾಲಯಕ್ಕೆ ಏನು ಕೇಳಬೇಕು

ನಿಮಗೆ ಬೇಕಾದ ಲೋಹದ ಜೊತೆಗೆ ಅಲ್ಯೂಮಿನಿಯಂ, ಟೈಟಾನಿಯಂ, ಕಬ್ಬಿಣ ಇವನ್ನೂ ಅಳೆಯಲು ಹೇಳಿ. ಇಎಫ್ ಲೆಕ್ಕದಲ್ಲಿ ಲೋಹವನ್ನು ಇವುಗಳಲ್ಲಿ ಒಂದರಿಂದ ಭಾಗಿಸುತ್ತೇವೆ. ಸೀಸವನ್ನು ಮಾತ್ರ ಅಳೆಸಿದವರಿಗೆ ಲೆಕ್ಕ ಮಾಡಲು ದಾರಿಯೇ ಇರುವುದಿಲ್ಲ.

ಮಣ್ಣನ್ನು ಕರಗಿಸುವ ವಿಧಾನ ಯಾವುದು ಎಂದು ಬರೆದು ಕೊಡಲು ಕೇಳಿ. ಇಲ್ಲಿ ದೊಡ್ಡ ಬಲೆಯಿದೆ. ಸಾಮಾನ್ಯವಾಗಿ ಬಳಸುವ ಆಕ್ವಾ ರೀಜಿಯಾ, ಅಂದರೆ ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣ, ಹೊರಗಿನಿಂದ ಬಂದ ಸೀಸವನ್ನು ಬಹುಮಟ್ಟಿಗೆ ಕರಗಿಸುತ್ತದೆ. ಅಲ್ಯೂಮಿನಿಯಂ ಮಾತ್ರ ಸಿಲಿಕೇಟ್ ಖನಿಜಗಳ ಒಳಗೆ ಬಿಗಿಯಾಗಿ ಕುಳಿತಿರುವುದರಿಂದ ಅದರ ಒಂದು ಪಾಲಷ್ಟೇ ಹೊರಬರುತ್ತದೆ. ಪೂರ್ತಿ ಬರಬೇಕಾದರೆ ಹೈಡ್ರೋಫ್ಲೋರಿಕ್ ಆಮ್ಲ ಬೇಕು, ಇಲ್ಲವೇ ಮಣ್ಣನ್ನು ಕರಗಿಸದೆಯೇ ಅಳೆಯುವ ಎಕ್ಸ್-ರೇ ಫ್ಲೋರೆಸೆನ್ಸ್ ವಿಧಾನ ಬೇಕು. ಹಿನ್ನೆಲೆಯನ್ನು ಒಂದು ವಿಧಾನದಲ್ಲಿ, ಕಾರ್ಖಾನೆಯ ಮಣ್ಣನ್ನು ಇನ್ನೊಂದರಲ್ಲಿ ಅಳೆದರೆ ಏನಾಗುತ್ತದೆ ನೋಡಿ. ಒಂದು ಮಣ್ಣಿನಲ್ಲಿ ಸೀಸ 20, ಅಲ್ಯೂಮಿನಿಯಂ ನಿಜಕ್ಕೂ ಶೇ. 6.5. ಆಮ್ಲ ಅದರಲ್ಲಿ 2.2ರಷ್ಟನ್ನೇ ತೆಗೆಯಿತು ಎನ್ನಿ. ಆಗ ಏನೂ ಆಗಿರದ ಆ ಮಣ್ಣಿನ ಇಎಫ್ ಹತ್ತಿರ ಹತ್ತಿರ 3 ಎಂದು ಬರುತ್ತದೆ. ಆ ಮೂರು ಪಟ್ಟು ಮಾಲಿನ್ಯ ಹುಟ್ಟಿದ್ದು ಆಮ್ಲದ ಬಾಟಲಿಯಲ್ಲಿ.

ಎಕ್ಸ್-ರೇ ಯಂತ್ರದ ವರದಿಯಲ್ಲಿ ಇನ್ನೊಂದು ಚಿಕ್ಕ ತೊಡಕು. ಅದು ಅಲ್ಯೂಮಿನಿಯಂ ಅನ್ನು ಹಲವು ಬಾರಿ ಆಕ್ಸೈಡ್ ರೂಪದಲ್ಲಿ, ಅಂದರೆ Al2O3 ಎಂದು ಕೊಡುತ್ತದೆ. ಅದನ್ನು 0.529ರಿಂದ ಗುಣಿಸಿದರೆ ಅಲ್ಯೂಮಿನಿಯಂ ಸಿಗುತ್ತದೆ. ಇದನ್ನು ಒಂದು ಕಡೆ ಮಾಡಿ ಇನ್ನೊಂದು ಕಡೆ ಮರೆತರೆ ಇಎಫ್ ಸುಮಾರು ಇಮ್ಮಡಿಯಾಗುತ್ತದೆ ಅಥವಾ ಅರ್ಧಕ್ಕೆ ಇಳಿಯುತ್ತದೆ. ಅದೇ ಯಂತ್ರಕ್ಕೆ ಸೀಸ ಮತ್ತು ಆರ್ಸೆನಿಕ್‌ಗಳ ಒಂದೊಂದು ಮುಖ್ಯ ರೇಖೆ ಒಂದರ ಮೇಲೊಂದು ಬೀಳುತ್ತವೆ. ಹಾಗಾಗಿ ಸೀಸ ತುಂಬಾ ಇರುವ ಮಣ್ಣಿನಲ್ಲಿ ಅದು ಕೊಡುವ ಆರ್ಸೆನಿಕ್ ಅಂಕಿಯನ್ನು ನಂಬಬೇಡಿ.

ಒಂದೇ ಮಣ್ಣನ್ನು ಎರಡು ಚೀಲಗಳಲ್ಲಿ ಬೇರೆ ಬೇರೆ ಹೆಸರು ಬರೆದು ಕಳುಹಿಸಿ. ಉತ್ತರಗಳು ಎಷ್ಟು ದೂರ ಬರುತ್ತವೆ ಎಂಬುದೇ ಆ ಪ್ರಯೋಗಾಲಯದ ಅಳತೆಯ ಅನಿಶ್ಚಿತತೆಯ ಬಗ್ಗೆ ನಿಮಗೆ ಸಿಗುವ ಮೊದಲ ಸುಳಿವು.

4. ಹಿನ್ನೆಲೆ ಮೌಲ್ಯ ಕಟ್ಟಿ

ನಮ್ಮ ಉದಾಹರಣೆಯ ಹನ್ನೆರಡು ಹಿನ್ನೆಲೆ ಮಾದರಿಗಳಲ್ಲಿ ಸೀಸ ಹೀಗಿದೆ: 14, 16, 17, 18, 19, 19, 21, 22, 23, 24, 26, 61.

ಕೊನೆಯ 61 ಕಣ್ಣಿಗೆ ಹೊಡೆಯುತ್ತದೆ. ಟಿಪ್ಪಣಿ ಪುಸ್ತಕ ತೆರೆದರೆ ಅದು ಹಳೆಯ ರಸ್ತೆಯ ಪಕ್ಕದ ಮಾದರಿ. ಸೀಸ ಬೆರೆಸಿದ ಪೆಟ್ರೋಲ್ ಉರಿಯುತ್ತಿದ್ದ ಕಾಲದ ಸೀಸ ಇನ್ನೂ ಮಣ್ಣಿನಲ್ಲಿ ಉಳಿದಿದೆ ಎಂದುಕೊಳ್ಳೋಣ. ಇದು ಗಮನಕ್ಕೆ ಬಾರದೆ ಸರಾಸರಿ ತೆಗೆದರೆ 23.3 ಬರುತ್ತದೆ, ಮಾನಕ ವಿಚಲನೆ 12.4. ಸರಾಸರಿಗೆ ಮಾನಕ ವಿಚಲನೆಯ ಎರಡರಷ್ಟನ್ನು ಕೂಡಿಸಿ "ನೈಸರ್ಗಿಕ ಮಿತಿ" ಎನ್ನುವುದು ರೂಢಿ. ಆ ಮಿತಿ ಇಲ್ಲಿ 48 ಆಗುತ್ತದೆ. ಒಂದೇ ಒಂದು ಕೆಟ್ಟ ಮಾದರಿ ಮಿತಿಯನ್ನು ಅಷ್ಟು ಮೇಲಕ್ಕೆ ಎತ್ತಿಬಿಟ್ಟಿತು. ಇನ್ನು ಸೀಸ 45 ಇರುವ ಮಣ್ಣೂ "ಸಹಜ" ಎಂದು ಪಾಸಾಗುತ್ತದೆ.

ಆದ್ದರಿಂದ ಮಧ್ಯಾಂಕ ಬಳಸಿ, ಅಂದರೆ ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ನಿಲ್ಲುವ ಅಂಕಿ. ಇಲ್ಲಿ ಅದು 20. 61 ಅನ್ನು ಕಿತ್ತುಹಾಕಿದರೂ 19ಕ್ಕೆ ಇಳಿಯುತ್ತದೆ, ಅಷ್ಟೇ. ಚದುರುವಿಕೆಗೆ, ಪ್ರತಿ ಅಂಕಿಯೂ ಮಧ್ಯಾಂಕದಿಂದ ಎಷ್ಟು ದೂರವಿದೆ ಎಂದು ಬರೆದು ಆ ದೂರಗಳ ಮಧ್ಯಾಂಕ ತೆಗೆಯಿರಿ. ಅದು 3. ಇದನ್ನು 1.48ರಿಂದ ಗುಣಿಸಿದರೆ ಮಾನಕ ವಿಚಲನೆಯ ಜಾಗದಲ್ಲಿ ಇಡಬಹುದಾದ ಅಂಕಿ ಸಿಗುತ್ತದೆ, ಸುಮಾರು 4.4. ಅದರ ಎರಡರಷ್ಟನ್ನು 20ಕ್ಕೆ ಕೂಡಿಸಿದರೆ ಮಿತಿ 29. ಈಗ 61 ತಾನಾಗಿಯೇ ಹೊರಗೆ ನಿಂತಿತು, 45 ಕೂಡ ಸಿಕ್ಕಿಬಿತ್ತು.

ಅಂಕಿ ದೊಡ್ಡದೆಂಬ ಒಂದೇ ಕಾರಣಕ್ಕೆ ಯಾವ ಮಾದರಿಯನ್ನೂ ಕಿತ್ತುಹಾಕಬೇಡಿ. ಜಾಗಕ್ಕೆ ಹೋಗಿ ಕಾರಣ ಕಂಡುಕೊಂಡು, ವರದಿಯಲ್ಲಿ ಬರೆದು, ಆಮೇಲೆ ತೆಗೆಯಿರಿ.

5. ಆಧಾರ ಧಾತು ಆರಿಸಿ

ಮಣ್ಣಿನಿಂದ ಮಣ್ಣಿಗೆ ಲೋಹದ ಪ್ರಮಾಣ ಬದಲಾಗಲು ಬಹುದೊಡ್ಡ ಕಾರಣ ಜೇಡಿ ಮತ್ತು ಮರಳಿನ ಪಾಲು. ಲೋಹಗಳು ಜೇಡಿಯ ನುಣ್ಣನೆಯ ಕಣಗಳಿಗೆ ಅಂಟಿಕೊಳ್ಳುತ್ತವೆ. ಮರಳು ಬಹುಪಾಲು ಬರೀ ಸಿಲಿಕಾ. ಅದು ಮಣ್ಣನ್ನು ತೆಳ್ಳಗಾಗಿಸುತ್ತದೆ, ಹಾಲಿಗೆ ನೀರು ಬೆರೆಸಿದಂತೆ. ಈ ಬೆರಕೆ ಎಷ್ಟು ಎಂದು ತಿಳಿಯಲು, ಜೇಡಿಯ ಜೊತೆಗೇ ಏರಿಳಿಯುವ, ಕಾರ್ಖಾನೆ ಹೊರಬಿಡದ, ಮಣ್ಣಿನಲ್ಲಿ ಸುಲಭವಾಗಿ ಕರಗಿ ಓಡಾಡದ ಒಂದು ಧಾತು ಬೇಕು. ಅದೇ ಆಧಾರ ಧಾತು. ಸಾಮಾನ್ಯವಾಗಿ ಅಲ್ಯೂಮಿನಿಯಂ ಈ ಕೆಲಸಕ್ಕೆ ಬರುತ್ತದೆ. ಟೈಟಾನಿಯಂ, ಸ್ಕ್ಯಾಂಡಿಯಂ, ಕಬ್ಬಿಣವನ್ನೂ ಬಳಸುತ್ತಾರೆ.

ಕಬ್ಬಿಣದ ವಿಷಯದಲ್ಲಿ ನನ್ನ ಎಚ್ಚರಿಕೆ ಗಟ್ಟಿಯಾಗಿಯೇ ಇದೆ. ಬ್ಯಾಟರಿಯ ಸೀಸ ಕರಗಿಸುವಾಗ ಗಂಧಕವನ್ನು ಹಿಡಿದಿಡಲು ಕುಲುಮೆಗೆ ಕಬ್ಬಿಣದ ಚೂರುಗಳನ್ನು ಹಾಕುತ್ತಾರೆ. ಕಿಟ್ಟದಲ್ಲಿ ಆ ಕಬ್ಬಿಣ ತುಂಬಿರುತ್ತದೆ, ಧೂಳಿನಲ್ಲೂ ಹೋಗುತ್ತದೆ. ಹೀಗಿರುವಾಗ ಕಬ್ಬಿಣವನ್ನು ಆಧಾರ ಮಾಡಿಕೊಂಡರೆ, ಛೇದವೂ ಕಾರ್ಖಾನೆಯಿಂದಲೇ ಉಬ್ಬಿ ಮಾಲಿನ್ಯ ಮರೆಯಾಗುತ್ತದೆ. ಅದೇ ರೀತಿ ಅಲ್ಯೂಮಿನಿಯಂ ಕರಗಿಸುವ ಘಟಕದ ಬಳಿ ಅಲ್ಯೂಮಿನಿಯಂ ಬೇಡ, ಬಿಳಿ ಬಣ್ಣದ ಪುಡಿ ತಯಾರಿಸುವ ಕಾರ್ಖಾನೆಯ ಬಳಿ ಟೈಟಾನಿಯಂ ಬೇಡ.

ಆಯ್ಕೆ ಸರಿಯೇ ಎಂದು ನೋಡಲು ಎರಡು ಪರೀಕ್ಷೆ ಸಾಕು. ಹಿನ್ನೆಲೆ ಮಾದರಿಗಳ ಸೀಸ ಮತ್ತು ಅಲ್ಯೂಮಿನಿಯಂ ಅನ್ನು ನಕ್ಷೆಯ ಹಾಳೆಯ ಮೇಲೆ ಚುಕ್ಕಿಯಿಟ್ಟು ನೋಡಿ. ಹೆಚ್ಚು ಕಡಿಮೆ ಒಂದು ಗೆರೆಯ ಮೇಲೆ ಬರಬೇಕು. ನಮ್ಮಲ್ಲಿ ರಸ್ತೆಯ ಮಾದರಿ ಬಿಟ್ಟರೆ, ಅಲ್ಯೂಮಿನಿಯಂ ಶೇ. 4.4 ಇರುವಲ್ಲಿ ಸೀಸ 14, 8.3 ಇರುವಲ್ಲಿ 26, ಉಳಿದವು ನಡುವೆ. ಎರಡನೆಯದು, ಅಲ್ಯೂಮಿನಿಯಂ ಮತ್ತು ಟೈಟಾನಿಯಂನ ಅನುಪಾತ ಕಾರ್ಖಾನೆಗೆ ಹತ್ತಿರವಾದಂತೆ ಬದಲಾಗುತ್ತಿದೆಯೇ ನೋಡಿ. ಬದಲಾದರೆ ಎರಡರಲ್ಲಿ ಒಂದು ಹೊರಗಿನಿಂದ ಬರುತ್ತಿದೆ.

6. ಲೆಕ್ಕ ಮಾಡಿ

ಸೂತ್ರ ಸರಳ:

```
EF = (M / Al)sample / (M / Al)background
```

ಇಲ್ಲಿ M ಎಂದರೆ ನೀವು ಹುಡುಕುತ್ತಿರುವ ಲೋಹ. ಹಿನ್ನೆಲೆಯ ಪ್ರತಿ ಮಾದರಿಯಲ್ಲೂ ಮೊದಲು ಸೀಸವನ್ನು ಅಲ್ಯೂಮಿನಿಯಂನಿಂದ ಭಾಗಿಸಿ, ಆಮೇಲೆ ಆ ಹನ್ನೆರಡು ಉತ್ತರಗಳ ಮಧ್ಯಾಂಕ ತೆಗೆಯಿರಿ. ನಮ್ಮಲ್ಲಿ ಅದು 3.08. ಮಿಲಿಗ್ರಾಂ ಮತ್ತು ಶೇಕಡಾ ಬೆರೆತಿವೆ ಎಂದು ಚಿಂತಿಸಬೇಡಿ. ಮೇಲೂ ಕೆಳಗೂ ಅದೇ ಬೆರಕೆ ಇದ್ದರೆ ಅದು ಹೊಡೆದುಹೋಗುತ್ತದೆ.

ಕಾರ್ಖಾನೆಯ ಸುತ್ತ ಮೂರು ಜಾಗ ತೆಗೆದುಕೊಳ್ಳೋಣ. ಅ: ಗಾಳಿ ಬೀಸುವ ಕಡೆ 100 ಮೀಟರ್ ದೂರ, ಸೀಸ 310, ಅಲ್ಯೂಮಿನಿಯಂ 5.2. ಆ: ಅದೇ ದಿಕ್ಕಿನಲ್ಲಿ 500 ಮೀಟರ್, ಜೇಡಿ ನೆಲ, ಸೀಸ 52, ಅಲ್ಯೂಮಿನಿಯಂ 8.1. ಇ: ಪಕ್ಕದ ದಿಕ್ಕಿನಲ್ಲಿ 500 ಮೀಟರ್, ಮರಳು ಮಣ್ಣು, ಸೀಸ 45, ಅಲ್ಯೂಮಿನಿಯಂ 4.5.

ಅ ಜಾಗದಲ್ಲಿ 310 ಭಾಗಿಸು 5.2, ಅಂದರೆ 59.6, ಅದನ್ನು 3.08ರಿಂದ ಭಾಗಿಸಿದರೆ ಇಎಫ್ 19.4. 'ಆ' ಜಾಗಕ್ಕೆ ಹೀಗೆಯೇ 2.1 ಬರುತ್ತದೆ, ಇ ಜಾಗಕ್ಕೆ 3.2.

ಕೊನೆಯ ಎರಡನ್ನು ಮತ್ತೊಮ್ಮೆ ನೋಡಿ. ಬರೀ ಸೀಸ ನೋಡಿದವರಿಗೆ 52 ಇರುವ 'ಆ' ಜಾಗವೇ ಹೆಚ್ಚು ಕೆಟ್ಟಿದೆ ಅನ್ನಿಸುತ್ತದೆ. ಆದರೆ ಅಷ್ಟು ಜೇಡಿ ಇರುವ ಮಣ್ಣಿನಲ್ಲಿ ಸಹಜವಾಗಿಯೇ 25ರಷ್ಟು ಸೀಸ ಇರಬೇಕು. ಇ ಜಾಗದ ಮರಳು ಮಣ್ಣಿಗೆ ಸಹಜವಾದದ್ದು 14 ಮಾತ್ರ. ಉಳಿದ 31 ಹೊರಗಿನಿಂದ ಬಂದದ್ದು. ಮರಳು ಬೆರೆತು ಸಂಖ್ಯೆ ತಗ್ಗಿದ್ದರಿಂದ ಅದು ಕಣ್ಣಿಗೆ ಬಿದ್ದಿರಲಿಲ್ಲ. ಹಿಂದೆ ಸರಾಸರಿಯ ಲೆಕ್ಕದಲ್ಲಿ "ಸಹಜ" ಎಂದು ಪಾಸಾಗುತ್ತಿದ್ದ 45 ಇದೇ.

ಅ ಜಾಗದಲ್ಲಿ ಕಬ್ಬಿಣವನ್ನು ಆಧಾರ ಮಾಡಿಕೊಂಡಿದ್ದರೆ? ಹಿನ್ನೆಲೆಯಲ್ಲಿ ಕಬ್ಬಿಣ ಶೇ. 3.5, ಅಲ್ಲಿ 7 ಎಂದಿಟ್ಟುಕೊಳ್ಳಿ. ಇಎಫ್ 19.4ರಿಂದ 7.8ಕ್ಕೆ ಕುಸಿಯುತ್ತದೆ. ಮಣ್ಣು ಅದೇ, ಸೀಸವೂ ಅದೇ.

7. ಉತ್ತರವನ್ನು ಓದಿ

ಹೆಚ್ಚಾಗಿ ಬಳಕೆಯಲ್ಲಿರುವ ಶ್ರೇಣಿ ಹೀಗಿದೆ: 2ಕ್ಕಿಂತ ಕಡಿಮೆ ಇದ್ದರೆ ಹೆಚ್ಚಳ ಇಲ್ಲ ಅಥವಾ ಅತ್ಯಲ್ಪ, 2ರಿಂದ 5 ಮಧ್ಯಮ, 5ರಿಂದ 20 ಗಮನಾರ್ಹ, 20ರಿಂದ 40 ಅತಿ ಹೆಚ್ಚು, ಅದಕ್ಕಿಂತ ಮೇಲೆ ವಿಪರೀತ. ಇವು ಅನುಕೂಲಕ್ಕೆ ಎಳೆದ ಗೆರೆಗಳು. ನಾನು ಇವುಗಳಿಗಿಂತ ಮೊದಲು ನಂಬುವುದು ಇನ್ನೊಂದನ್ನು: ಅದೇ ಸೂತ್ರವನ್ನು ಪ್ರತಿ ಹಿನ್ನೆಲೆ ಮಾದರಿಗೂ ಹಾಕಿ ನೋಡಿ. ರಸ್ತೆಯ ಮಾದರಿ ಬಿಟ್ಟು ಉಳಿದವು 0.7ರಿಂದ 1.4ರ ನಡುವೆ ಬಂದರೆ, ನಿಮ್ಮ ನೆಲದ ಸಹಜ ಏರಿಳಿತ ಅಷ್ಟು. ಅದರ ಒಳಗೆ ಬೀಳುವ ಯಾವ ಇಎಫ್ ಕೂಡ ಏನನ್ನೂ ಸಾಬೀತು ಮಾಡುವುದಿಲ್ಲ. 'ಆ' ಜಾಗದ 2.1 ಅಳತೆಯ ದೋಷ ಸೇರಿದರೆ 1.8ರಿಂದ 2.4ರವರೆಗೆ ಎಲ್ಲಿಯಾದರೂ ಇರಬಹುದು. ಶ್ರೇಣಿಯ ಗೆರೆಯ ಯಾವ ಬದಿಗೆ ಎಂದು ಹೇಳಲಾಗದು, ಆದರೆ ಸಹಜ ಏರಿಳಿತದ ಹೊರಗಿದೆ ಎಂದು ಹೇಳಬಹುದು.

ಸ್ಥಳೀಯ ಹಿನ್ನೆಲೆ ಇಲ್ಲದೆ, ಖಂಡಗಳ ಹೊರಪದರದ ಮೇಲ್ಭಾಗದ ಸರಾಸರಿಯನ್ನೇ ಹಿನ್ನೆಲೆ ಎಂದು ಹಾಕಿಕೊಳ್ಳುವವರು ಬಹಳ. ಆ ಸರಾಸರಿಯಲ್ಲಿ ಸೀಸ 17, ಅಲ್ಯೂಮಿನಿಯಂ 8.15. ನಮ್ಮ ಶುದ್ಧ ಹಿನ್ನೆಲೆ ಮಣ್ಣೇ ಅದರ ಮುಂದೆ 1.5 ಇಎಫ್ ತೋರಿಸುತ್ತದೆ. ಅ ಜಾಗ 19.4ರಿಂದ 28.6ಕ್ಕೆ ನೆಗೆದು "ಅತಿ ಹೆಚ್ಚು" ಎಂಬ ವರ್ಗಕ್ಕೆ ಸೇರುತ್ತದೆ. ಕಾರ್ಖಾನೆಯ ಪರ ವಾದಿಸುವವರು ಈ ಒಂದು ಬಿರುಕು ಹಿಡಿದು ಇಡೀ ವರದಿಯನ್ನು ತಳ್ಳಿಹಾಕಬಲ್ಲರು, ಮತ್ತು ಆ ಬಿರುಕಿನ ಮಟ್ಟಿಗೆ ಅವರ ಮಾತು ಸರಿಯಾಗಿಯೇ ಇರುತ್ತದೆ.

ಕ್ಯಾಡ್ಮಿಯಂನಲ್ಲಿ ಇದು ಇನ್ನೂ ಹದಗೆಡುತ್ತದೆ. ಹೊರಪದರದಲ್ಲಿ ಅದು ಬರೀ 0.09. ಯಂತ್ರ 0.5ಕ್ಕಿಂತ ಕೆಳಗೆ ಕಾಣಲಾರದು ಎಂದಿಟ್ಟುಕೊಳ್ಳಿ. "ಕಾಣಲಿಲ್ಲ" ಎಂದು ಬಂದ ಕಡೆ ಅರ್ಧ, ಅಂದರೆ 0.25 ಹಾಕುವುದು ರೂಢಿ. ಅ ಜಾಗದ ಅಲ್ಯೂಮಿನಿಯಂ ಇಟ್ಟು ಲೆಕ್ಕ ಮಾಡಿದರೆ ಇಎಫ್ 4.4 ಬರುತ್ತದೆ, ಕಂಡೇ ಇರದ ಲೋಹಕ್ಕೆ. ಅಂತಹ ಕಡೆ ಇಎಫ್ ಬರೆಯಲೇಬೇಡಿ.

ಇನ್ನೊಂದು ಮಾತು. ಇಎಫ್ ಹೇಳುವುದು ಎಷ್ಟು ಸೇರಿದೆ ಎಂಬುದನ್ನು, ಎಷ್ಟು ಅಪಾಯ ಎಂಬುದನ್ನಲ್ಲ. ಇ ಜಾಗದ ಇಎಫ್ 3.2 ಇದ್ದರೂ ಸೀಸ 45 ಮಾತ್ರ. ಸರ್ಪೆಂಟಿನೈಟ್ ಮಣ್ಣಿನ ನಿಕಲ್‌ಗೆ ಅದರದೇ ಹಿನ್ನೆಲೆಯಲ್ಲಿ ಇಎಫ್ 1 ಇದ್ದರೂ ಬೆಳೆ ಬಾಡಬಹುದು. ಮಕ್ಕಳು ಆಡುವ ಜಾಗ, ಸೊಪ್ಪು ಬೆಳೆಯುವ ಜಾಗ ಎಂಬ ಪ್ರಶ್ನೆ ಬಂದಾಗ ಇಎಫ್ ಬದಿಗಿಟ್ಟು, ಮಣ್ಣಿನ ಒಟ್ಟು ಸೀಸವನ್ನು ನಿಮ್ಮಲ್ಲಿ ಜಾರಿಯಲ್ಲಿರುವ ಸುರಕ್ಷತಾ ಮಿತಿಯ ಜೊತೆ ಹೋಲಿಸಿ.

8. ಆಳದ ಮಾದರಿಯನ್ನು ತೆರೆಯಿರಿ

ಎರಡನೆಯ ಹಂತದಲ್ಲಿ ತೆಗೆದಿಟ್ಟ ಚೀಲಗಳ ಕೆಲಸ ಈಗ. ಸೀಸ ಮಣ್ಣಿನಲ್ಲಿ ಸುಲಭವಾಗಿ ಕೆಳಗಿಳಿಯುವುದಿಲ್ಲ. ಮೇಲಿನ ಕೊಳೆತ ಎಲೆ, ಬೇರಿನ ಅಂಶಕ್ಕೆ ಅಂಟಿ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಧೂಳಾಗಿ ಬಂದ ಸೀಸವಾದರೆ ಮೇಲೆ ಹೆಚ್ಚು, ಕೆಳಗೆ ಹಿನ್ನೆಲೆಯಷ್ಟೇ ಇರಬೇಕು. ಶಿಲೆಯಿಂದ ಬಂದದ್ದಾದರೆ ಕೆಳಗೂ ಹೆಚ್ಚೇ ಇರುತ್ತದೆ. ಆದರೆ ಈ ಗುಣದಿಂದಲೇ ಶುದ್ಧ ನೆಲದಲ್ಲೂ ಮೇಲ್ಮಣ್ಣಿನ ಸೀಸ ಕೆಳಗಿನದಕ್ಕಿಂತ ತುಸು ಹೆಚ್ಚಿರಬಹುದು. ಹಾಗಾಗಿ ಆಳದ ಮಣ್ಣನ್ನೇ ಹಿನ್ನೆಲೆಯಾಗಿ ಬಳಸಬೇಡಿ. ಸಾಕ್ಷಿಯಾಗಿ ಮಾತ್ರ ಬಳಸಿ.

'ಆ' ಜಾಗದ ಆಳದಲ್ಲಿ ಸೀಸ 24, ಅಲ್ಯೂಮಿನಿಯಂ 8.3. ಇಎಫ್ 0.94. ಇ ಜಾಗದ ಆಳದಲ್ಲಿ 14 ಮತ್ತು 4.6, ಇಎಫ್ 0.99. ಎರಡೂ ಕಡೆ ನೆಲ ಶುದ್ಧ, ಸೀಸ ಮೇಲಿನಿಂದ ಬಿದ್ದದ್ದು. ಶ್ರೇಣಿಯ ಗೆರೆಯ ಮೇಲೆ ತೂಗಾಡುತ್ತಿದ್ದ 2.1ಕ್ಕೂ ಈಗ ಗಟ್ಟಿ ಆಧಾರ ಸಿಕ್ಕಿತು.

ಅ ಜಾಗದ ಆಳದಲ್ಲಿ ಮಾತ್ರ ಸೀಸ 95, ಅಲ್ಯೂಮಿನಿಯಂ 5.4, ಇಎಫ್ 5.7. ಸುತ್ತಲಿನ ಹಿನ್ನೆಲೆಯ ಶಿಲೆ ಇದೇ ಆಗಿರುವುದರಿಂದ ಇದು ಕಲ್ಲಿನ ಸೀಸವಲ್ಲ, ಇಷ್ಟು ಆಳಕ್ಕೆ ಧೂಳೂ ಇಳಿಯುವುದಿಲ್ಲ. ಮೊದಲು ಅಗೆಯುವಾಗ ಮೇಲ್ಮಣ್ಣು ಗುಂಡಿಯೊಳಗೆ ಜಾರಿ ಬೆರೆಯಿತೇ ಎಂದು ಪರಿಶೀಲಿಸಿ. ಬದಿಯನ್ನು ಕೆರೆದು ಸ್ವಚ್ಛಗೊಳಿಸಿ, ಅಡಿಯಿಂದ ಮೇಲಕ್ಕೆ ಬರುತ್ತಾ ಹೊಸ ಮಾದರಿ ತೆಗೆಯಿರಿ. ಮತ್ತೆ ಅದೇ ಅಂಕಿ ಬಂದರೆ ಗುಂಡಿಯ ಗೋಡೆಯನ್ನು ಹತ್ತಿರದಿಂದ ನೋಡಿ. ಮಣ್ಣಿನ ನಡುವೆ ಕಪ್ಪಗೆ, ಗಾಜಿನಂತೆ ಮಿನುಗುವ, ಗಾತ್ರಕ್ಕೆ ಮೀರಿ ಭಾರವಾದ ಚೂರುಗಳು ಕಂಡರೆ ಅದು ಕುಲುಮೆಯ ಕಿಟ್ಟ. ಅದನ್ನು ಯಾವುದೋ ಕಾಲದಲ್ಲಿ ಹೂತು ಮೇಲೆ ಮಣ್ಣು ಎಳೆದಿದ್ದಾರೆ. ಆಗ ಅ ಜಾಗದ ಪ್ರಶ್ನೆ ಚಿಮಣಿಯದ್ದಾಗಿ ಉಳಿಯುವುದಿಲ್ಲ. ಕಿಟ್ಟ ಎಲ್ಲಿಯವರೆಗೆ ಹರಡಿದೆ ಎಂದು ಹತ್ತು ಹತ್ತು ಮೀಟರಿಗೆ ಗುಂಡಿ ತೋಡಿ ಗುರುತಿಸಬೇಕು, ಹತ್ತಿರದ ಬಾವಿಯ ನೀರನ್ನೂ ಪರೀಕ್ಷೆಗೆ ಕಳುಹಿಸಬೇಕು.